ಗಾದಿಲಿಂಗಪ್ಪನ ಹೆಸರಿನ ಪಟ್ಟಿಗಳು

ಸ್ವಲ್ಪ ಕೂತು ಕೇಳಿ, ನಡುವೆ ಎದ್ದು ಹೋಗಬೇಡಿ. ವೀಸಾ ಅಂದ ಕೂಡಲೇ ಅದು ನಮ್ಮಂಥವರ ಮಾತಲ್ಲ ಅಂತ ಕೈಯಾಡಿಸಿಬಿಡಲೂ ಬೇಡಿ. ಇದು ಎಂಟು ಎಕರೆ ಭತ್ತ, ಒಂದು ಟ್ರ್ಯಾಕ್ಟರ್, ಹದಿನಾಲ್ಕು ಹಳೇ ಚೀಟಿಗಳ ಕಥೆ. ಇಂಥ ಚೀಟಿಗಳು ನಿಮ್ಮ ಮನೆಯ ಟ್ರಂಕಿನಲ್ಲೂ ಇದ್ದಾವು.

ಅಕ್ಟೋಬರ್ ಆರನೇ ತಾರೀಖು ಬೆಳಿಗ್ಗೆ ವಿರೂಪಾಪುರಗಡ್ಡೆಯ ಗುರುಬಸವ ಗಂಗಾವತಿಯಲ್ಲಿ ಮುಸ್ಕಾನಳ ಆಫೀಸಿನ ಮುಂದೆ ಬಾಗಿಲು ತೆಗೆಯುವುದನ್ನೇ ಕಾಯುತ್ತ ನಿಂತಿದ್ದ. ಮುಸ್ಕಾನ ಎಪಿಎಂಸಿ ರಸ್ತೆಯಲ್ಲಿ ಅಂಗಡಿಯವರಿಗೆ, ರೈತರಿಗೆ ತೆರಿಗೆಯ ರಿಟರ್ನ್ ತುಂಬಿಕೊಡುವ ಹುಡುಗಿ. ವಯಸ್ಸು ಇಪ್ಪತ್ತೆಂಟು, ಮಾತು ಮಾತ್ರ ಐವತ್ತರದ್ದು. ಗುರುಬಸವನ ಕೈಯಲ್ಲಿ ಇಂಗ್ಲಿಷಿನ ಎರಡು ಹಾಳೆ ಇದ್ದವು. ಇಂಗ್ಲೆಂಡಿನ ವೀಸಾ ಕೊಡುವುದಿಲ್ಲ ಅಂತ ಬಂದ ಪತ್ರ ಅದು.

ಅವನ ಹೆಂಡತಿ ಲಲಿತಾ ಹದಿನೆಂಟು ತಿಂಗಳಿಂದ ಅಲ್ಲಿನ ವೃದ್ಧಾಶ್ರಮವೊಂದರಲ್ಲಿ ಆರೈಕೆಯ ಕೆಲಸ ಮಾಡುತ್ತಿದ್ದಳು. ಆ ಕೆಲಸದವರು ಗಂಡನನ್ನಾಗಲಿ ಮಕ್ಕಳನ್ನಾಗಲಿ ಜೊತೆಗೆ ಕರೆಸಿ ಇಟ್ಟುಕೊಳ್ಳುವ ಹಾಗಿಲ್ಲ ಅಂತ ಈಗ ಕಾಯಿದೆಯಾಗಿದೆ. ನೋಡಲು ಹೋಗಬೇಕೆಂದರೆ ಸಂದರ್ಶಕನ ವೀಸಾ ಒಂದೇ ದಾರಿ. ಲಲಿತಾಳ ಗರ್ಭಕೋಶದಲ್ಲಿ ಗಡ್ಡೆಯಾಗಿ, ಅಲ್ಲಿನ ಆಸ್ಪತ್ರೆಯವರು ನವೆಂಬರ್ ಹದಿನಾಲ್ಕಕ್ಕೆ ಆಪರೇಷನ್ ಅಂತ ಬರೆದುಕೊಟ್ಟಿದ್ದರು. ಆ ದಿನ ಗುರುಬಸವ ಆಕೆಯ ಪಕ್ಕದಲ್ಲಿರಬೇಕು. ಅವನಿಗೆ ಬೇಕಾಗಿದ್ದುದು ಅಷ್ಟೇ.

ಮುಸ್ಕಾನ ಪತ್ರವನ್ನು ಎರಡು ಸಲ ಓದಿದಳು.

"ಅಣ್ಣಾರ, ಅರ್ಜಿ ಹಾಕೂಕಿಂತ ಎಂಟ ದಿನ ಮುಂಚೆ ನಿಮ್ಮ ಖಾತೆಗೆ ನಾಕು ಲಕ್ಷ ಅರವತ್ತ ಸಾವಿರ ಒಂದ ಗಂಟಿಲೆ ಬಿದ್ದೈತಿ. ಎಲ್ಲಿದದು?"

"ನಂದ ರೊಕ್ಕಾರಿ. ಎರಡ ಪೀಕಿನ ಭತ್ತದ್ದು."

"ಮತ್ತ ಒಂದ ದಿನ ಯಾಕ ಬಂತು?"

"ವೀಸಾ ಏಜೆಂಟ ಹೇಳಿದ್ದ, ಖಾತೆ ತುಂಬಿ ಕಾಣಬೇಕಂತ. ಶಬ್ಬೀರಸಾಬರ ಅಡತಿ ಅಂಗಡ್ಯಾಗ ಇಟ್ಟಿದ್ದೆ, ಎಲ್ಲಾ ತಗಸಿ ಬ್ಯಾಂಕಿಗೆ ಹಾಕಿಸಿದೆ."

ಮುಸ್ಕಾನ ಪೆನ್ನು ಕೆಳಗಿಟ್ಟಳು. ಈ ಭಾಗದಲ್ಲಿ ಭತ್ತ ಬೆಳೆಯುವವರ ರೂಢಿ ಗೊತ್ತಿರಬೇಕಲ್ಲ. ರೈತ ಮಾಲು ತಂದು ಅಡತಿ ಅಂಗಡಿಯಲ್ಲಿ ಹಾಕುತ್ತಾನೆ, ಅಂಗಡಿಯವನು ಕಮಿಷನ್ ಹಿಡಿದು ಮಾರಿಸುತ್ತಾನೆ, ತೂಕ, ದರ, ಹಮಾಲಿ ಎಲ್ಲ ಬರೆದು ಒಂದು ಚೀಟಿ ಕೊಡುತ್ತಾನೆ. ಅದಕ್ಕೇ ಪಟ್ಟಿ ಅನ್ನುವುದು. ದುಡ್ಡನ್ನು ಮಾತ್ರ ಯಾರೂ ಒಮ್ಮೆಲೇ ಎತ್ತುವುದಿಲ್ಲ. ಗೊಬ್ಬರಕ್ಕೆ ಇಷ್ಟು, ಮದುವೆಗೆ ಇಷ್ಟು ಅಂತ ಬೇಕಾದಾಗ ಬೇಕಾದಷ್ಟು ತರುತ್ತಾರೆ. ಬ್ಯಾಂಕಿಗಿಂತ ಅಂಗಡಿಯ ಮೇಲೆ ಭರವಸೆ ಹೆಚ್ಚು. ಆದರೆ ಸಾವಿರಾರು ಮೈಲಿ ದೂರ ಕೂತ ಅಧಿಕಾರಿಗೆ ಕಂಡದ್ದು ಬೇರೆ: ವರ್ಷವಿಡೀ ಒಣಗಿದ್ದ ಖಾತೆ, ಅರ್ಜಿಯ ಹಿಂದಿನ ವಾರ ಇದ್ದಕ್ಕಿದ್ದಂತೆ ತುಂಬಿದ ಕೆರೆ. ಯಾರದೋ ದುಡ್ಡು ತೋರಿಸುವುದಕ್ಕಾಗಿ ತಂದು ಹಾಕಿದ್ದಾನೆ ಅಂದುಕೊಂಡ. ಗುರುಬಸವನ ಸ್ವಂತ ದುಡ್ಡೇ ಅವನನ್ನು ಕಳ್ಳನನ್ನಾಗಿ ಮಾಡಿತ್ತು.

"ಇನ್ನೊಂದ ನೋಡ್ರಿಲ್ಲೆ. ನಿಮ್ಮ ರಿಟರ್ನಿನ್ಯಾಗ ಟ್ರ್ಯಾಕ್ಟರ್ ಬಾಡಿಗಿ ಎರಡು ಲಕ್ಷ ಎಂಬತ್ತ ಸಾವಿರ ಐತಿ. ಕೃಷಿ ಆದಾಯ ಐದ ಸಾವಿರ ಅಂತ ಬರದಾರ. ಐದ ಸಾವಿರ ರೂಪಾಯಿದ್ದು ಭತ್ತ ಬೆಳಿತೀರೇನು?"

"ಅವ ಹೋದ ಸಲ ತುಂಬಿದಾವ ಹೇಳಿದ, ರೈತರಿಗೆ ತೆರಿಗಿ ಇಲ್ಲ, ಎಷ್ಟ ಬರದ್ರೂ ನಡಿತೈತಿ ಅಂತ."

"ತೆರಿಗಿ ಇಲ್ಲ ಖರೆ. ಆದ್ರ ತೋರಸಬಾರದು ಅಂತ ಯಾರೂ ಹೇಳಿಲ್ಲ. ಆ ಸಣ್ಣ ಫಾರ್ಮಿನ್ಯಾಗ ಐದ ಸಾವಿರಕ್ಕಿಂತ ಹೆಚ್ಚಿಗಿ ಕೃಷಿ ಆದಾಯ ಹಿಡಿಸೂದುಲ್ಲ. ಅದಕ್ಕ ಅವ ಬಟ್ಟಿಗೆ ತಕ್ಕಂಗ ಮೈ ಕತ್ತರಿಸ್ಯಾನ. ಡಿಸೆಂಬರ್ ಮುಗಿಯೂದ್ರಾಗ ತಿದ್ದಿದ ರಿಟರ್ನ್ ಹಾಕಾಕ ಬರ್ತೈತಿ. ದೊಡ್ಡ ಫಾರ್ಮ್ ತಗೊಂಡು, ಭತ್ತದ್ದು ತೆರಿಗಿ ಇಲ್ಲದ ಆದಾಯ ಅಂತ ಖರೇ ಲೆಕ್ಕ ತೋರಸ್ತೀನಿ. ಆದ್ರ ಅದಕ್ಕ ಆಧಾರ ಬೇಕು. ಅಡತಿ ಪಟ್ಟಿ ಎಲ್ಲಾ ತರ್ರಿ. ಅರ್ಜಿ ತುಂಬಿ, ಕಾಗದ ಏರಿಸಿ, ಬೆಂಗಳೂರಿಗೆ ಹೋಗಿ ಬೆರಳಚ್ಚು ಕೊಡಬೇಕು. ಅದಾದ ಮ್ಯಾಲ ಹದಿನೈದು ಕೆಲಸದ ದಿನ ಹಿಡಿತೈತಿ. ಈ ತಿಂಗಳ ಹದಿನಾಲ್ಕನೇ ತಾರೀಖಿಗೆ ಒಂದು ಸ್ಲಾಟ್ ಐತಿ."

ಗುರುಬಸವ ಬೆರಳು ಮಡಚಿ ಎಣಿಸಿದ. ಹದಿನಾಲ್ಕಕ್ಕೆ ಬೆರಳಚ್ಚು ಕೊಟ್ಟರೆ ನವೆಂಬರ್ ನಾಲ್ಕಕ್ಕೆ ಉತ್ತರ. ಹತ್ತು ದಿನ ಕೈಯಲ್ಲಿ ಉಳಿಯುತ್ತದೆ.

ಆಫೀಸಿನಿಂದ ಇಳಿದವನು ಸೀದಾ ಅಂಗಡಿಗೆ ಹೋಗಬೇಕಿತ್ತು. ದಾರಿಯಲ್ಲಿ ಹನಮೇಶನ ಅಕ್ಕಿ ಮಿಲ್ಲು ಸಿಕ್ಕಿತು. ಹನಮೇಶ ಲಲಿತಾಳ ಅಣ್ಣ. ತಂಗಿಯ ಸುದ್ದಿ ಕೇಳಿದಾಗಿನಿಂದ ಅವನಿಗೂ ನಿದ್ದೆ ಇರಲಿಲ್ಲ, ತೋರಿಸಿಕೊಳ್ಳುವವನಲ್ಲ ಅಷ್ಟೇ. ಪತ್ರದ ವಿಷಯ ಕೇಳಿ ಡ್ರಾಯರಿನಿಂದ ಲೆಟರ್‌ಹೆಡ್ ತೆಗೆದ.

"ಗುರು, ರೈತ ಅಂತ ಹೇಳೂದ ತಪ್ಪಾತ ನಿಂದು. ರೈತಗ ಯಾರೂ ಹೆಣ್ಣು ಕೊಡೂದುಲ್ಲ, ವೀಸಾ ಕೊಡ್ತಾರನು?"

"ನಿಮ್ಮ ತಂಗೀನ ಕೊಟ್ಟೀರಲ್ರಿ ಭಾವಾರ."

"ಅದನ್ನ ಇನ್ನೂ ನೆನಸಿ ಅಳ್ತೀನಿ." ಹನಮೇಶ ನಗದೆಯೇ ಹೇಳಿ, ಗುಮಾಸ್ತನನ್ನು ಕರೆದು ಟೈಪು ಮಾಡಿಸಿದ. ಗುರುಬಸವ ಎಂಬುವವರು ಮೂರು ವರ್ಷದಿಂದ ನಮ್ಮ ಮಿಲ್ಲಿನಲ್ಲಿ ಸೂಪರ್‌ವೈಸರ್, ತಿಂಗಳಿಗೆ ನಲವತ್ತೈದು ಸಾವಿರ ಸಂಬಳ, ನಾಲ್ಕು ವಾರದ ರಜೆ ಮಂಜೂರಾಗಿದೆ. ಕೆಳಗೆ ಸೀಲು, ಸಹಿ, ಅವನದೇ ಮೊಬೈಲ್ ನಂಬರು.

"ಫೋನ್ ಮಾಡಿ ಕೇಳಿದ್ರ ನಾನ ಹೇಳ್ತೀನಿ. ನನ್ನ ತಂಗಿ ಅಲ್ಲೆ ಒಬ್ಬಾಕಿನ ಮಲಗಬಾರದು, ತಿಳೀತಿಲ್ಲೋ?"

ಗುರುಬಸವ ಕಾಗದ ಮಡಚಿ ಅಂಗಿಯ ಕಿಸೆಯಲ್ಲಿಟ್ಟುಕೊಂಡ.

ಶಬ್ಬೀರಸಾಬರ ಅಂಗಡಿಯಲ್ಲಿ ಪಟ್ಟಿಗಳು ಬೇಗನೇ ಸಿಕ್ಕವು. ಎರಡು ಪೀಕು, ಅಂದರೆ ಎರಡು ಬೆಳೆಯವು, ಒಟ್ಟು ಹದಿನಾಲ್ಕು. ಗುರುಬಸವ ಒಂದೊಂದಾಗಿ ತಿರುವುತ್ತ ಹೋದ. ಆರನೆಯದರ ಮೇಲೆ ಅವನ ಕೈ ನಿಂತಿತು. ಮತ್ತೆ ಮೊದಲಿನಿಂದ ತಿರುವಿದ. ಹದಿನಾಲ್ಕರ ಮೇಲೂ ರೈತನ ಹೆಸರು ಒಂದೇ: ಗಾದಿಲಿಂಗಪ್ಪ.

ಗಾದಿಲಿಂಗಪ್ಪ ಅವನ ಅಪ್ಪ. ಅಪ್ಪ ತೀರಿಕೊಂಡು ನಾಲ್ಕು ವರ್ಷವಾಗಿತ್ತು.

"ಕಾಕಾ, ಇದೇನ್ರಿ? ಅಪ್ಪನ ಹೆಸರಿಲೆ ಬರದೀರಿ."

ಶಬ್ಬೀರಸಾಬರು ಕನ್ನಡಕ ಹಣೆಗೇರಿಸಿದರು. "ಅಲ್ಲೋ, ನಿಮ್ಮ ಖಾತೆ ಅದ ಹೆಸರಿಲೆ ಅಲ್ಲೇನು? ನಾ ಅಂಗಡಿ ಇಟ್ಟ ದಿನ ಮೊದಲನೇ ಗಾಡಿ ತಂದಾಂವ ನಿಮ್ಮಪ್ಪ. ಅವತ್ತ ಅಂಗಡ್ಯಾಗ ಹಮಾಲನೂ ಇರ್ಲಿಲ್ಲ, ಇಬ್ಬರೂ ಕೂಡಿ ಚೀಲ ಹೊತ್ವಿ. ಪ್ರತಿ ವರ್ಷ ಹೊಸ ಕೀರ್ದಿ ಬುಕ್ಕಿನ್ಯಾಗ ಮೊದಲನೇ ಹಾಳ್ಯಾಗ ಅದ ಹೆಸರು ಬರಿಯೂದು. ಅವ ಹೋದ ಮ್ಯಾಲ ಹೊಡದ ಹಾಕಾಕ ಕೈ ಬರ್ಲಿಲ್ಲೋ. ನೀನೂ ಒಂದಿನ ಕೇಳ್ಲಿಲ್ಲ."

ಅದೂ ನಿಜ. ಗುರುಬಸವ ಪಟ್ಟಿಯಲ್ಲಿ ಯಾವಾಗಲೂ ತೂಕ ನೋಡುತ್ತಿದ್ದ, ದರ ನೋಡುತ್ತಿದ್ದ. ಹೆಸರು ನೋಡಿರಲಿಲ್ಲ. ಹೊಲದ ಪಹಣಿ ಕೂಡ ಅಪ್ಪನ ಹೆಸರಲ್ಲೇ ಇತ್ತು. ಒಬ್ಬನೇ ಮಗ, ತಕರಾರಿಲ್ಲ, ನಾಳೆ ಮಾಡಿಸಿದರಾಯಿತು ಅಂತ ನಾಲ್ಕು ವರ್ಷ ಕಳೆದಿದ್ದ.

ಸಂಗತಿ ತಿಳಿದಾಗ ಶಬ್ಬೀರಸಾಬರ ಮುಖ ಬಾಡಿತು. ಖಾಲಿ ಪಟ್ಟಿಯ ಪುಸ್ತಕ ಎಳೆದುಕೊಂಡರು.

"ತಪ್ಪು ನಂದು. ಕುಂಡ್ರು, ಎಲ್ಲಾ ಹೊಸದಾಗಿ ನಿನ್ನ ಹೆಸರಿಲೆ ಬರಕೊಡ್ತೀನಿ. ತೂಕ ಅದ, ದರ ಅದ, ತಾರೀಖ ಅದ. ಭತ್ತ ನಿಂದು, ಬೆವರ ನಿಂದು. ಹೆಸರೊಂದು ಬದಲಿ ಆದ್ರ ಸುಳ್ಳ ಆಗತೈತೇನು?"

ಒಂದು ತಾಸಿನಲ್ಲಿ ಹದಿನಾಲ್ಕು ಹೊಸ ಪಟ್ಟಿಗಳು ತಯಾರಾದವು. ಅಕ್ಷರ ಅದೇ, ಸಹಿ ಅದೇ. ಗುರುಬಸವ ಹಳೆಯವನ್ನೂ ಕೇಳಿ ಇಸಿದುಕೊಂಡ, ಯಾಕೆಂದು ಅವನಿಗೇ ಗೊತ್ತಿರಲಿಲ್ಲ.

ಮರುದಿನ ಮುಸ್ಕಾನಳ ಮೇಜಿನ ಮೇಲೆ ಮೂರೂ ಬಿದ್ದವು: ಮಿಲ್ಲಿನ ಪತ್ರ, ಹೊಸ ಪಟ್ಟಿ, ಹಳೇ ಪಟ್ಟಿ.

ಮಿಲ್ಲಿನ ಪತ್ರವನ್ನು ಮುಸ್ಕಾನ ಓದಿ ಮುಗಿಸುವ ಮೊದಲೇ ಬದಿಗೆ ಸರಿಸಿದಳು. "ಹೋದ ತಿಂಗಳ ಅರ್ಜ್ಯಾಗ ನೀವು ರೈತ, ಈ ತಿಂಗಳ ಮೂರ ವರ್ಷದ ನೌಕರ. ಎರಡೂ ಅರ್ಜಿ ಅವರ ಮುಂದ ಇರ್ತಾವ. ಸಂಬಳ ಖಾತೆಗೆ ಒಂದ ತಿಂಗಳಾನೂ ಬಂದಿಲ್ಲ, ರಿಟರ್ನಿನ್ಯಾಗ ಸಂಬಳ ಅನ್ನೂ ಸಾಲು ಖಾಲಿ. ನೌಕರಿ ಪತ್ರ ಒಂದ ಬಂದ್ರ ಸಾಲದು, ಅದಕ್ಕ ಸಂಬಳದ ಚೀಟಿ, ಬ್ಯಾಂಕು, ರಿಟರ್ನು ಮೂರೂ ಹೌದೌದು ಅನ್ನಬೇಕು. ಸುಳ್ಳು ಅಂತ ಗೊತ್ತಾದ್ರ ಹತ್ತ ವರ್ಷ ಬಾಗಿಲು ಹಾಕ್ತಾರ. ನಿಮ್ಮ ಭಾವಾರ ಮನಸು ಛಲೋ ಐತಿ, ಕಾಗದ ಛಲೋ ಇಲ್ಲ."

ಗುರುಬಸವ ಆ ಪತ್ರವನ್ನು ಎರಡು ತುಂಡು ಮಾಡಿದ. ಅದೇನೂ ಕಷ್ಟವಾಗಲಿಲ್ಲ. ಕಷ್ಟವಿದ್ದದ್ದು ಉಳಿದ ಎರಡರಲ್ಲಿ.

ಹೊಸ ಪಟ್ಟಿ ಮುಸ್ಕಾನಳ ಕೈಯಲ್ಲಿ ಬಹಳ ಹೊತ್ತು ಇತ್ತು. ಶಾಯಿ ಮೂಸುವವಳಂತೆ ಹತ್ತಿರ ಹಿಡಿದಳು.

"ಇವು ನಿನ್ನಿ ಬರದವು."

"ಹೌದು. ಆದ್ರ ಒಳಗಿಂದೆಲ್ಲಾ ಖರೇನ ಐತ್ರಿ."

"ಗೊತ್ತೈತಿ ಅಣ್ಣಾರ. ಇವನ್ನ ಹಾಕಿದ್ರ ಎಲ್ಲಾ ಸಲೀಸು. ಪಹಣಿ ತಂದಿ ಹೆಸರಿಲೆ, ಪಾಸ್‌ಪೋರ್ಟಿನ್ಯಾಗೂ ತಂದಿ ಹೆಸರು ಗಾದಿಲಿಂಗಪ್ಪ, ಪಟ್ಟಿ ಮಗನ ಹೆಸರಿಲೆ. ತಂದಿ ಹೊಲ ಮಗ ಮಾಡ್ತಾನ, ಅಷ್ಟ. ಯಾರೂ ಮುಂದ ಕೇಳೂದುಲ್ಲ. ಹದಿನಾಲ್ಕರ ಸ್ಲಾಟ್ ಸಿಗತೈತಿ."

"ಹಳೇವು ಹಾಕಿದ್ರ?"

"ಸತ್ತಾಂವ ಭತ್ತ ಮಾರ್ಯಾನ. ಯಾಕ ಅಂತ ನೀವು ಹೇಳಬೇಕು. ಮರಣ ಪ್ರಮಾಣಪತ್ರ ಬೇಕು. ನೀವೊಬ್ಬರ ಮಗ ಅನ್ನಾಕ ನಾಡಕಚೇರಿ ವಂಶಾವಳಿ ಬೇಕು. ಹೊಲ ಇವನ ಮಾಡೂದು, ರೊಕ್ಕ ಇವಗ ಕೊಟ್ಟೀನಿ ಅಂತ ಸಾಬರು ತಮ್ಮ ಅಂಗಡಿ ಲೆಟರ್‌ಹೆಡ್ಡಿನ ಮ್ಯಾಲ ಬರಕೊಡಬೇಕು, ಲೈಸನ್ಸ್ ನಂಬರ್ ಹಾಕಿ. ಎಲ್ಲಾ ಇಂಗ್ಲಿಷಿಗೆ ಭಾಷಾಂತರ ಮಾಡಸಬೇಕು. ವಂಶಾವಳಿ ಒಂದಕ್ಕ ಎರಡ ವಾರ. ನಡುವ ದೀಪಾವಳಿ ಬ್ಯಾರೆ."

"ಬೆರಳಚ್ಚು ಮೊದಲ ಕೊಟ್ಟು, ಕಾಗದ ಆಮ್ಯಾಲ ಹಾಕಿದ್ರ?"

"ಬೆರಳಚ್ಚು ಆದ ಮ್ಯಾಲ ಒಂದ ಹಾಳಿನೂ ಸೇರಸಾಕ ಬರೂದುಲ್ಲ. ಅದರ ಮುಂದಿನ ಸ್ಲಾಟು ಇಪ್ಪತ್ತೆಂಟಕ್ಕ ಐತಿ. ಜಲ್ದಿ ಕೊಡೂ ಸೇವಾ ನೋಡಿದೆ, ಅದು ಈ ತಿಂಗಳ ಖಾಲಿ ಇಲ್ಲ."

ಗುರುಬಸವ ಮತ್ತೆ ಬೆರಳು ಮಡಚಿದ. ಇಪ್ಪತ್ತೆಂಟರಿಂದ ಹದಿನೈದು ಕೆಲಸದ ದಿನ ಅಂದರೆ ನವೆಂಬರ್ ಹದಿನೆಂಟು. ಆಪರೇಷನ್ ಹದಿನಾಲ್ಕಕ್ಕೆ. ಬೇಗ ಬಂದರೆ ಬಂತು, ಅದು ಅವನ ಕೈಯಲ್ಲಿಲ್ಲ.

"ನೀವಾದ್ರ ಏನ ಮಾಡ್ತಿದ್ರಿ ಅಕ್ಕಾರ?"

"ನಾನು ಹೇಳೂದುಲ್ಲ. ಕೊನೀಗೆ, ಇದೆಲ್ಲಾ ಖರೆ ಅಂತ ಟಿಕ್ ಮಾಡೂದು ನಿಮ್ಮ ಹೆಸರಿಲೆ. ಒಂದ ಮಾತು ಹೇಳ್ತೀನಿ. ಈ ಹಳೇ ಪಟ್ಟಿ ನಂಬರ್ ಪ್ರಕಾರ ಎಪಿಎಂಸಿ ಶುಲ್ಕ ಕಟ್ಟ್ಯಾರ. ಅಲ್ಲಿ ಗಾದಿಲಿಂಗಪ್ಪ ಅಂತನ ಐತಿ. ಇಂಗ್ಲೆಂಡಿನಾಂವ ಗಂಗಾವತಿ ಎಪಿಎಂಸಿಗೆ ಬಂದು ನೋಡ್ತಾನೇನು? ನೋಡೂದುಲ್ಲ, ನೂರಕ್ಕ ತೊಂಬತ್ತೊಂಬತ್ತು. ನೋಡಿದ್ರ, ಖರೇ ಭತ್ತಕ್ಕ ಖೊಟ್ಟಿ ಕಾಗದ ಮಾಡಿದಾಂವ ನೀವು."

ಅಂದು ಮಧ್ಯಾಹ್ನ ಲಲಿತಾಳ ಫೋನು ಬಂತು. ಅಲ್ಲಿ ಬೆಳಿಗ್ಗೆ, ಅವಳು ಕೆಲಸಕ್ಕೆ ಹೊರಟಿದ್ದಳು. ಗುರುಬಸವ ಹೊಳೆಯ ಕಡೆಯ ಬದುವಿನ ಮೇಲೆ ಕೂತಿದ್ದ. ಭತ್ತ ಹೊಡೆ ಬಿಚ್ಚಿ ತೆನೆ ಹಾಕುತ್ತಿತ್ತು.

"ಎಷ್ಟನೇ ತಾರೀಖಿಗೆ ಬರ್ತೀರಿ?" ಅಂದಳು ಆಕೆ. ಬರ್ತೀರೇನು ಅನ್ನಲಿಲ್ಲ.

"ನೋಡ್ಬೇಕು."

"ನೋಡ್ಬೇಕಂದ್ರ? ಇಲ್ಲಿ ನರ್ಸ್ ಬಾಯಿ ಕೇಳ್ತಾಳ, ಎದ್ದ ಮ್ಯಾಲ ಮನಿಗೆ ಕರ್ಕೊಂಡ ಹೋಗೂವರು ಯಾರು ಅಂತ. ಗಂಡ ಬರ್ತಾನ ಅಂತ ಹೇಳೀನಿ ನಾನು." ಆಮೇಲೆ ದನಿ ತಗ್ಗಿಸಿದಳು. "ನಂಗ ಆ ಮಂಪರಿನ ಇಂಜೆಕ್ಷನ್ ಅಂದ್ರ ಹೆದರಿಕಿ ಆಗೈತ್ರಿ. ಹೆಂಗರ ಮಾಡಿ ಬರ್ರಿ."

ಹೆಂಗರ ಮಾಡಿ. ಆ ಎರಡು ಪದ ಅವನ ತಲೆಯಲ್ಲಿ ಟ್ರ್ಯಾಕ್ಟರಿನ ಹಾಗೆ ಸುತ್ತತೊಡಗಿದವು. ಹೆಂಗರ ಮಾಡಬೇಕೆಂದರೆ ದಾರಿ ಮೇಜಿನ ಮೇಲೇ ಇತ್ತು. ಒಂದು ತಾಸಿನ ಬರವಣಿಗೆ, ಒಂದು ಹೆಸರಿನ ಬದಲಾವಣೆ. ಯಾರ ಗಂಟನ್ನೂ ಕದ್ದಿಲ್ಲ, ಯಾರ ಹೊಲವನ್ನೂ ನುಂಗಿಲ್ಲ.

ಮನೆಗೆ ಬಂದು ಅವ್ವ ಯಂಕವ್ವನ ಮುಂದೆ ಹೇಳಿಕೊಂಡ. ಯಂಕವ್ವ ಸೊಪ್ಪು ಸೋಸುತ್ತಿದ್ದಳು.

"ನಿಮ್ಮಪ್ಪನ ಹೆಸರು ತಗದು ನಿಂದ ಬರದಾನೇನು ಸಾಬ?"

"ಹೂಂ."

"ಒಮ್ಮೆ ಸತ್ತಾನ ಅವ. ಮತ್ತ ಹದಿನಾಲ್ಕ ಸಲ ಯಾಕ ಕೊಲ್ಲತೀರಿ?" ಅಂದವಳು, ಸ್ವಲ್ಪ ಹೊತ್ತಿಗೆ ತಾನೇ ತಿದ್ದಿಕೊಂಡಳು. "ನನಗೇನ ತಿಳಿತೈತಪ್ಪ. ಸೊಸಿ ಅಲ್ಲಿ ಒಬ್ಬಾಕಿನ ಅದಾಳ. ಹೋಗೂದ ಮುಖ್ಯ. ಹೆಂಗ ಹೋಗ್ತಿ ನೀನ ನೋಡು."

ಅವ್ವನೂ ಕೈ ಬಿಟ್ಟಳು. ಎಲ್ಲರೂ ಅವನ ಕೈಗೇ ಬಿಟ್ಟರು. ಇಪ್ಪತ್ತು ವರ್ಷ ನೀರಿಗೆ, ಗೊಬ್ಬರಕ್ಕೆ, ದರಕ್ಕೆ ಯಾರದೋ ಮುಖ ನೋಡುತ್ತ ಬಂದವನಿಗೆ ತಾನೊಬ್ಬನೇ ನಿರ್ಧರಿಸುವುದು ರೂಢಿಯೇ ಇರಲಿಲ್ಲ.

ಎರಡು ದಿನ ಬಿಟ್ಟು ಮುಸ್ಕಾನಳ ಆಫೀಸಿಗೆ ಹೋದಾಗ ಅವಳು ಕಂಪ್ಯೂಟರಿನಲ್ಲಿ ಹದಿನಾಲ್ಕರ ಸ್ಲಾಟ್ ತೆರೆದಿಟ್ಟಿದ್ದಳು. "ಇನ್ನೊಂದ ತಾಸಿನ್ಯಾಗ ಹಿಡೀಬೇಕು, ಹೋಗಿಬಿಡತೈತಿ."

ಗುರುಬಸವ ನಿಂತೇ ಇದ್ದ. ಹೊಸ ಪಟ್ಟಿಗಳನ್ನು ಕೈಯಲ್ಲಿ ಹಿಡಿದು ಮೇಲಿನದನ್ನು ಓದಿದ. ರೈತನ ಹೆಸರು: ಗುರುಬಸವ. ತನ್ನ ಹೆಸರು ತನಗೇ ಯಾರೋ ಹೊಸಬರದಂತೆ ಕಂಡಿತು. ಮೊದಲ ಸಲ ನಿಜವಾದ ದುಡ್ಡನ್ನು ತೋರಿಸಿದಾಗ ಅವರು ಸುಳ್ಳು ಅಂದರು, ಯಾಕೆಂದರೆ ಅದರ ಹಿಂದಿನ ಮಾತನ್ನು ಇವನು ಹೇಳಿರಲಿಲ್ಲ. ಈ ಸಲವೂ ಹೇಳದೆ ಹೋದರೆ, ಯಾವತ್ತಾದರೂ ಒಬ್ಬ ಕೆದಕಿದರೆ, ಹತ್ತು ವರ್ಷ. ಲಲಿತಾ ಅಲ್ಲಿ, ಇವನು ಇಲ್ಲಿ. ನೂರಕ್ಕೆ ಒಂದು ಅಂದಿದ್ದಳು ಮುಸ್ಕಾನ. ಹಳೇ ಪಟ್ಟಿ ಹಾಕಿದರೆ ನವೆಂಬರ್ ಹದಿನಾಲ್ಕು ತಪ್ಪುವುದು ಮಾತ್ರ ನೂರಕ್ಕೆ ತೊಂಬತ್ತು.

ಗೋಡೆಯ ಗಡಿಯಾರದ ಮುಳ್ಳು ನೋಡಿದ. ಹೊರಗೆ ಮೆಣಸಿನಕಾಯಿ ತುಂಬಿದ ಲಾರಿ ಹೋಯಿತು, ಇಬ್ಬರೂ ಕೆಮ್ಮಿದರು.

"ಇಪ್ಪತ್ತೆಂಟರದ್ದ ಹಿಡೀರಿ ಅಕ್ಕಾರ," ಅಂದ. "ನಾ ನಾಡಕಚೇರಿಗೆ ಹೋಗಿ ಬರ್ತೀನಿ."

ಮುಸ್ಕಾನ ಪರದೆಯತ್ತ ತಿರುಗಿದಳು. ಮೌಸು ಒತ್ತಿದ ಸಪ್ಪಳವಷ್ಟೇ ಕೇಳಿಸಿತು.

ಆಮೇಲಿನದು ಓಡಾಟ. ಗ್ರಾಮ ಆಡಳಿತಾಧಿಕಾರಿ ಬಂದು ನೆರೆಯವರನ್ನು ಕೇಳಿ ಬರೆದುಕೊಂಡು ಹೋದರು. ದೀಪಾವಳಿಯ ರಜೆ ಬಂತು, ಹೋಯಿತು. ವಂಶಾವಳಿ ಇಪ್ಪತ್ತೈದಕ್ಕೆ ಸಿಕ್ಕಿತು. ಶಬ್ಬೀರಸಾಬರು ಪತ್ರ ಬರೆದುಕೊಟ್ಟರು. ಎಲ್ಲ ಹೇಳಿ ಕೊನೆಗೆ, ಹೆಸರು ಬದಲಿಸದೆ ಉಳಿಸಿದ್ದು ನಮ್ಮ ಅಂಗಡಿಯ ರೂಢಿ, ರೈತನ ತಪ್ಪಲ್ಲ, ಅಂತ ಸೇರಿಸಿದರು. ಹೊಸ ಪಟ್ಟಿಗಳನ್ನು ತಾವೇ ಹರಿದರು. ತಿದ್ದಿದ ರಿಟರ್ನಿನಲ್ಲಿ ಭತ್ತದ ಆದಾಯ ತನ್ನ ಜಾಗದಲ್ಲಿ ಕೂತಿತು, ತೆರಿಗೆ ಒಂದು ರೂಪಾಯಿಯೂ ಹೆಚ್ಚಲಿಲ್ಲ. ಮುಸ್ಕಾನ ಒಂದು ಪುಟದ ವಿವರಣೆ ಬರೆದಳು: ಯಾವ ತಿಂಗಳು ನಾಟಿ, ಯಾವ ತಿಂಗಳು ಕೊಯ್ಲು, ದುಡ್ಡು ಯಾಕೆ ವರ್ಷಕ್ಕೆ ಎರಡೇ ಸಲ ಬರುತ್ತದೆ, ಅಡತಿಯಲ್ಲಿ ಯಾಕೆ ಉಳಿಯುತ್ತದೆ, ಆ ಒಂದು ದೊಡ್ಡ ಜಮೆ ಯಾವ ಯಾವ ಪಟ್ಟಿಯದು. ಮೊದಲ ಸಲ ವೀಸಾ ಸಿಕ್ಕಿರಲಿಲ್ಲ ಎಂಬುದನ್ನೂ ಮುಚ್ಚಲಿಲ್ಲ. ಐದನೇ ಕ್ಲಾಸಿನಲ್ಲಿರುವ ಗುರುಬಸವನ ಮಗಳು ಮಲ್ಲೇಶ್ವರಿಯ ಶಾಲೆಯ ಪತ್ರವನ್ನೂ ಸೇರಿಸಿದಳು. ಡಿಸೆಂಬರ್ ಎರಡನೇ ವಾರ ಕೊಯ್ಲಿಗೆ ಅವನು ಮರಳಲೇಬೇಕು ಅಂತಲೂ ಬರೆದಳು.

ಇಪ್ಪತ್ತೆಂಟಕ್ಕೆ ಬೆಂಗಳೂರಿನಲ್ಲಿ ಬೆರಳಚ್ಚು ಕೊಟ್ಟು ಬಂದ. ನವೆಂಬರ್ ಮೂರು ಕಳೆಯಿತು, ಏಳು, ಹತ್ತು. ದಿನಕ್ಕೆ ಇಪ್ಪತ್ತು ಸಲ ಫೋನು ತೆಗೆದು ನೋಡುತ್ತಿದ್ದ. ಪಟ್ಟಿಯ ಸಂಗತಿ ತಿಳಿದು ಹನಮೇಶ ಮಾತು ಬಿಟ್ಟಿದ್ದ. ಹನ್ನೆರಡು. ಹದಿಮೂರರ ರಾತ್ರಿ ಲಲಿತಾಳಿಗೆ ಪಟ್ಟಿಯ ಸಂಗತಿಯನ್ನೆಲ್ಲ ಹೇಳಿದ. ಆಕೆ ಎಲ್ಲ ಕೇಳಿ, ನಾಳೆ ಬೆಳಿಗ್ಗೆ ಏಳಕ್ಕೆ ಆಸ್ಪತ್ರೆಗೆ ಬರಹೇಳ್ಯಾರ ಅಂದು ಫೋನಿಟ್ಟಳು.

ಹದಿನಾಲ್ಕಕ್ಕೆ ಉತ್ತರ ಬರಲಿಲ್ಲ. ಹದಿನೇಳಕ್ಕೆ ಬಂತು. ವೀಸಾ ಆಗಿತ್ತು.

ಆಪರೇಷನ್ ಸುಸೂತ್ರವಾಗಿತ್ತು. ಲಲಿತಾ ತನ್ನ ಬಾಡಿಗೆ ಕೋಣೆಯಲ್ಲಿ ಮಲಗಿದ್ದಳು, ಜೊತೆಗೆ ಕೆಲಸ ಮಾಡುವ ಮಲಯಾಳಿ ಹೆಣ್ಣುಮಗಳೊಬ್ಬಳು ರಜೆ ಹಾಕಿ ನೋಡಿಕೊಂಡಿದ್ದಳು. ಗುರುಬಸವ ಸುದ್ದಿ ಹೇಳಿದಾಗ ಆಕೆ ಸಣ್ಣಗೆ ನಕ್ಕಳು.

"ಬರ್ರಿ. ಇನ್ನೂ ಎದ್ದು ಓಡ್ಯಾಡಾಕ ಬರೂದುಲ್ಲ, ನೀವು ಬಂದ್ರ ಅನ್ನಾನರ ಮಾಡ್ತೀರಿ."

"ಸಿಟ್ಟ ಬಂದೈತೇನು?"

"ಸಿಟ್ಟಲ್ರಿ. ನೀವು ಮಾಡಿದ್ದ ಖರೆ ಐತಿ, ನಂಗೂ ತಿಳೀತೈತಿ." ಆಕೆ ಮಗ್ಗುಲು ಬದಲಿಸಿದ ಸಪ್ಪಳ ಕೇಳಿಸಿತು. "ಒಳಗ ಕರ್ಕೊಂಡ ಹೋಗೂಕಿಂತ ಮುಂಚೆ ಒಂದ ಫಾರ್ಮ್ ಕೊಟ್ರು. ಏನರ ಆದ್ರ ಯಾರಿಗೆ ಫೋನ್ ಮಾಡಬೇಕು ಅಂತ. ನಿಮ್ಮ ಹೆಸರು ಬರದೆ. ಆಸ್ಪತ್ರ್ಯಾಗಿನವರು, ದೂರ ಇದ್ದವರು ಬ್ಯಾಡ, ಒಂದ ತಾಸಿನ್ಯಾಗ ಬರೂವರ ಹೆಸರು ಬರಿ ಅಂದ್ರು. ನಿಮ್ಮ ಹೆಸರು ಹೊಡದು ಆ ಹುಡುಗಿ ಹೆಸರು ಬರದೀನಿ. ಅಷ್ಟ."

ಗುರುಬಸವನ ಫೋನು ಕಿವಿಯಲ್ಲೇ ಇತ್ತು, ಆ ಕಡೆ ಆಕೆಯೂ ಇಟ್ಟಿರಲಿಲ್ಲ.

ಮಾರನೇ ದಿನ ಅವನು ಟಿಕೆಟ್ ಮಾಡಿಸಿದ. ಹನಮೇಶ ಈಗಲೂ ಮಿಲ್ಲಿಗೆ ಬಂದವರ ಮುಂದೆಲ್ಲ ಹೇಳುತ್ತಾನೆ, ಒಂದು ಹೆಸರಿನ ಸಲುವಾಗಿ ನನ್ನ ತಂಗಿ ಪರದೇಶದಲ್ಲಿ ಒಬ್ಬಳೇ ಮಲಗಿದಳು ಅಂತ. ಮುಸ್ಕಾನಳ ಲೆಕ್ಕವೇ ಬೇರೆ, ಬಾಗಿಲು ಇನ್ನೂ ತೆರೆದಿದೆ ಅನ್ನುತ್ತಾಳೆ. ಇಬ್ಬರ ಮಾತಿಗೂ ಎದುರು ಹೇಳಲು ನನಗಂತೂ ಆಗಿಲ್ಲ. ಆ ಬೆಳಿಗ್ಗೆ, ಒಂದು ಕೈಯಲ್ಲಿ ಅಪ್ಪನ ಹೆಸರಿನ ಪಟ್ಟಿ, ಇನ್ನೊಂದರಲ್ಲಿ ನಿಮ್ಮ ಹೆಸರಿನದು, ಮುಂದೆ ಒಂದೇ ತಾಸಿಗೆ ಉಳಿದ ಸ್ಲಾಟು ಇದ್ದಿದ್ದರೆ, ನೀವಾದರೆ ಏನು ಮಾಡುತ್ತಿದ್ದಿರಿ?